ಕ್ಯಾಮರಾ ಕಂಡದ್ದೆಷ್ಟು, ವರದಿ ಬರೆದದ್ದೆಷ್ಟು?

ಗೋಕಾಕದ ಕರದಂಟಿನ ಅಂಗಡಿ, ಮೂಡಲಗಿಯ ಕಿರಾಣಿ ಅಂಗಡಿ, ಹುಕ್ಕೇರಿಯ ಬಟ್ಟೆ ಅಂಗಡಿ, ಗಿರಣಿಯ ಬಾಗಿಲು, ಎಲ್ಲ ಕಡೆಗೂ ಈಗ ಸಿ. ಸಿ. ಕ್ಯಾಮರಾ ಬಂದು ಕುಳಿತಿದೆ. ಒಂದು ತಕರಾರು ನಡೆಯಿತೆಂದರೆ ಮೊದಲು ಏಳುವ ಮಾತು, "ಕ್ಯಾಮರಾದಾಗ ಎಲ್ಲಾ ಬಂದೈತಿ" ಎಂಬುದು. ಆ ಮಾತಿನ ಮುಂದೆ ಕಾಮಗಾರನ ಬಾಯಿ ಕಟ್ಟುತ್ತದೆ, ಸಾಕ್ಷಿದಾರರು ಹಿಂದೆ ಸರಿಯುತ್ತಾರೆ, ವರದಿ ಬರೆಯುವವರ ಲೇಖಣಿ ಸಲೀಸಾಗಿ ಓಡುತ್ತದೆ. ಹೀಗೆ ಓಡಿದ ಲೇಖಣಿಯಿಂದ ಒಬ್ಬನ ನೌಕರಿ ಹೋಗಬಹುದು, ಇನ್ನೊಬ್ಬನ ಅಂಗಡಿಯ ಹೆಸರು ಕೆಡಬಹುದು.

ಕ್ಯಾಮರಾ ಬೇಡವೆಂದು ನಾವು ಹೇಳುವದಿಲ್ಲ. ಕಾಮಗಾರನ ಮೇಲಿನ ಸುಳ್ಳು ಆರೋಪವನ್ನು ಅಳಿಸಿಹಾಕುವ ಸಾಧನವೂ ಅದೇ ಆಗಬಲ್ಲದು. ನಮ್ಮ ತಕರಾರು ಇರುವದು ವರದಿಯ ಬಗ್ಗೆ. ಫೂಟೇಜಿನಲ್ಲಿ ಕಂಡದ್ದು, ಜನರು ಹೇಳಿದ್ದು, ಬರೆಯುವವನು ಊಹಿಸಿದ್ದು, ಈ ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಿ "ಕ್ಯಾಮರಾದಲ್ಲಿ ಸ್ಪಷ್ಟವಾಗಿ ದಾಖಲಾಗಿದೆ" ಎಂದು ಮುಗಿಸುವ ವರದಿಗೆ ಯಾರೂ ಸಹಿ ಹಾಕಬಾರದೆಂಬುದು ನಮ್ಮ ಮತ.

ವಿಷಯ ತಿಳಿಯಬೇಕಾದರೆ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಇದು ಯಾವ ಗಿರಣಿಯಲ್ಲೂ ನಡೆದ ಸಂಗತಿಯಲ್ಲ, ಆದರೆ ಯಾವ ಗಿರಣಿಯಲ್ಲಾದರೂ ನಡೆಯಬಹುದಾದದ್ದು. ಎರಡನೆಯ ಪಾಳಿ ರಾತ್ರಿ 11-30ಕ್ಕೆ ಬಿಡುತ್ತದೆ. ಬಾಗಿಲಲ್ಲಿ ಪಹರೇದಾರನು ಒಬ್ಬ ಕಾಮಗಾರನ ಊಟದ ಚೀಲವನ್ನು ತಪಾಸಣೆ ಮಾಡಬೇಕೆನ್ನುತ್ತಾನೆ. ಮಾತಿಗೆ ಮಾತು ಬೆಳೆಯುತ್ತದೆ. ಮರುದಿನ ಮೇಲ್ವಿಚಾರಕನ ವರದಿ ಹೀಗೆ ಬರುತ್ತದೆ:

"ಸದರ ಕಾಮಗಾರನು ರಾತ್ರಿ 11-19ಕ್ಕೆ, ಅಂದರೆ ಪಾಳಿ ಬಿಡುವ ಮೊದಲೇ ಕೆಲಸ ಬಿಟ್ಟು ಬಂದು, ಕುಡಿದ ಅಮಲಿನಲ್ಲಿ ಪಹರೇದಾರನನ್ನು ಅವಾಚ್ಯವಾಗಿ ಬೈದು, ಎದೆಗೆ ಹೊಡೆದು ನೆಲಕ್ಕೆ ಕೆಡವಿದನು. ಇದೆಲ್ಲವೂ ಕ್ಯಾಮರಾದಲ್ಲಿ ಸ್ಪಷ್ಟವಾಗಿ ದಾಖಲಾಗಿದೆ."

ಇದರೊಂದಿಗೆ ಮೊಬೈಲಿನಲ್ಲಿ 14 ಸೆಕೆಂಡಿನ ಒಂದು ತುಣುಕು. ಅದರಲ್ಲಿ ಕಾಮಗಾರನ ಬೆನ್ನು ಕಾಣುತ್ತದೆ, ಬಲಗೈ ಮೇಲೇಳುತ್ತದೆ, ಪಹರೇದಾರನು ಹಿಂದೆ ವಾಲುತ್ತಾನೆ. ನೋಡಿದವರೆಲ್ಲರೂ "ಹೌದು, ಹೊಡೆದಾನ" ಎಂದು ತಲೆದೂಗುತ್ತಾರೆ. ಈಗ ಆ ವರದಿಯ ಒಂದೊಂದು ಮಾತನ್ನೂ ಹಿಡಿದು ಫೂಟೇಜಿನ ಮುಂದೆ ನಿಲ್ಲಿಸಿ ನೋಡೋಣ.

ಮೊದಲು ವೇಳೆ. ಪರದೆಯ ಮೂಲೆಯಲ್ಲಿ 11-19 ಎಂದು ಬಿದ್ದಿದೆ. ಅದು ಜಗತ್ತಿನ ವೇಳೆಯಲ್ಲ, ಆ ರೆಕಾರ್ಡರ್ ಪೆಟ್ಟಿಗೆಯೊಳಗಿನ ಗಡಿಯಾರದ ವೇಳೆ. ಇಂಟರ್‌ನೆಟ್‌ಗೆ ಜೋಡಿಸದ ಪೆಟ್ಟಿಗೆಯ ಗಡಿಯಾರವು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಮುಂದೆಯೋ ಹಿಂದೆಯೋ ಸರಿಯುತ್ತ ಹೋಗುತ್ತದೆ. ಒಳಗಿನ ಚಿಕ್ಕ ಬ್ಯಾಟರಿ ಸತ್ತಿದ್ದರೆ ಕರೆಂಟು ಹೋಗಿ ಬಂದಾಗ ತಾರೀಖೇ ಹಲವು ವರ್ಷ ಹಿಂದಕ್ಕೆ ಹೋಗಬಹುದು. ಇದನ್ನು ಪರೀಕ್ಷಿಸುವ ಕ್ರಮ ಬಹಳ ಸುಲಭ. ರೆಕಾರ್ಡರಿನ ಪರದೆಯ ಪಕ್ಕದಲ್ಲಿ, ನೆಟ್‌ವರ್ಕಿನಿಂದ ತಾನೇ ವೇಳೆ ತೆಗೆದುಕೊಳ್ಳುವ ಒಂದು ಮೊಬೈಲನ್ನು ಹಿಡಿದು, ಎರಡೂ ವೇಳೆ ಒಂದೇ ಚಿತ್ರದಲ್ಲಿ ಬರುವಂತೆ ಇನ್ನೊಂದು ಮೊಬೈಲಿನಿಂದ ಫೋಟೋ ತೆಗೆಯಬೇಕು. ನಮ್ಮ ಉದಾಹರಣೆಯಲ್ಲಿ ಮೊಬೈಲು 4-24 ತೋರಿಸುವಾಗ ರೆಕಾರ್ಡರು 4-10 ತೋರಿಸಿತೆಂದು ಇಟ್ಟುಕೊಳ್ಳಿರಿ. ರೆಕಾರ್ಡರು 14 ನಿಮಿಷ ಹಿಂದೆ ಇದೆ. ಅಂದಮೇಲೆ 11-19 ಎಂಬುದು ನಿಜವಾಗಿ 11-33. ಪಾಳಿ ಬಿಟ್ಟು ಮೂರು ನಿಮಿಷವಾದ ಮೇಲೆ ಅವನು ಬಾಗಿಲಿಗೆ ಬಂದಿದ್ದಾನೆ. "ಕೆಲಸ ಬಿಟ್ಟು ಮೊದಲೇ ಬಂದನು" ಎಂಬ ಆರೋಪ ಒಂದು ಫೋಟೋದಿಂದ ಬಿದ್ದುಹೋಯಿತು.

ಆದರೂ ಇಲ್ಲಿಗೆ ನಿಲ್ಲಬಾರದು. ಈ ದಿನದ ಅಂತರ 14 ನಿಮಿಷವೆಂದರೆ ಆ ದಿನದ ಅಂತರವೂ ಅಷ್ಟೇ ಇತ್ತೆಂದು ಹೇಗೆ ಹೇಳುವದು? ನಡುವೆ ಯಾರಾದರೂ ಗಡಿಯಾರ ತಿರುಗಿಸಿರಬಹುದು. ಅದಕ್ಕಾಗಿ ಆ ರಾತ್ರಿಯದೇ ಇನ್ನೊಂದು ಗುರುತು ಹುಡುಕಬೇಕು. ಹಾಜರಿ ಯಂತ್ರದಲ್ಲಿ ಅವನ ಬೆರಳು ಬಿದ್ದದ್ದು 11-31ಕ್ಕೆ. ಅದೇ ರೆಕಾರ್ಡರಿಗೆ ಜೋಡಿಸಿದ ಹಾಜರಿ ಕೋಣೆಯ ಕ್ಯಾಮರಾದಲ್ಲಿ ಅವನು ಬೆರಳಿಡುವದು 11-17ಕ್ಕೆ ಕಾಣುತ್ತದೆ. ಅಲ್ಲಿಯೂ ಅಂತರ 14 ನಿಮಿಷವೇ. ಈಗ ಲೆಕ್ಕ ಗಟ್ಟಿಯಾಯಿತು. ವರದಿಯಲ್ಲಿ ಎರಡೂ ವೇಳೆಗಳನ್ನು ಬರೆಯಬೇಕು: ಪರದೆಯ ಮೇಲಿನದು ಇಷ್ಟು, ತಿದ್ದಿದ್ದು ಇಷ್ಟು, ತಿದ್ದಿದ ಆಧಾರ ಇದು. ಪರದೆಯ ವೇಳೆಯನ್ನು ಅಳಿಸಿ ಬರೇ ತಿದ್ದಿದ ವೇಳೆಯನ್ನು ಕೊಟ್ಟರೆ ಮುಂದೆ ನೋಡುವವನಿಗೆ ಆ ಜಾಗ ಫೂಟೇಜಿನಲ್ಲಿ ಸಿಕ್ಕುವದೇ ಇಲ್ಲ.

ಎರಡನೆಯದು "ಕುಡಿದ ಅಮಲು" ಮತ್ತು "ಬೈದನು". ಬಾಗಿಲಿನ ಈ ಕ್ಯಾಮರಾಕ್ಕೆ ಮೈಕು ಇಲ್ಲ. ತುಟಿ ಅಲ್ಲಾಡಿದ್ದು ಸಹ ಕಾಣುವದಿಲ್ಲ, ಏಕೆಂದರೆ ಕಾಮಗಾರನ ಬೆನ್ನು ಈ ಕಡೆಗಿದೆ. ಬೈದದ್ದು ನಿಜವಿರಬಹುದು, ಆದರೆ ಅದನ್ನು ಹೇಳಬೇಕಾದವನು ಕೇಳಿದ ಮನುಷ್ಯ, ಕ್ಯಾಮರಾ ಅಲ್ಲ. ಕುಡಿದಿರುವದಂತೂ ವಾಸನೆಯಿಂದ, ವೈದ್ಯರ ಪರೀಕ್ಷೆಯಿಂದ ತಿಳಿಯಬೇಕಾದದ್ದು. ನಡಿಗೆ ಓಲಾಡಿದ್ದು ಫೂಟೇಜಿನಲ್ಲಿ ಕಂಡರೆ "ಇಷ್ಟು ಹೆಜ್ಜೆ ಓಲಾಡಿ ನಡೆದದ್ದು ಕಾಣುತ್ತದೆ" ಎಂದು ಬರೆಯಬಹುದು. ಎಂಟು ತಾಸು ನಿಂತು ನೂಲು ಹಚ್ಚಿದವನ ಕಾಲೂ ಓಲಾಡುತ್ತದೆಂಬುದು ಗಿರಣಿಯಲ್ಲಿ ದುಡಿದವರಿಗೆಲ್ಲ ಗೊತ್ತು.

ಮೂರನೆಯದು "ಎದೆಗೆ ಹೊಡೆದು". ಇದೇ ವರದಿಯ ಪ್ರಾಣ, ಆದ್ದರಿಂದ ಸಾವಕಾಶವಾಗಿ ನೋಡಬೇಕು. ಫೂಟೇಜ್ ಎಂಬುದು ಹರಿಯುವ ನೀರಲ್ಲ. ಅದು ಒಂದರ ಹಿಂದೊಂದು ಬರುವ ಬಿಡಿ ಚಿತ್ರಗಳ ಸಾಲು. ಸೆಕೆಂಡಿಗೆ 25 ಚಿತ್ರ ತೆಗೆಯುವ ಶಕ್ತಿ ಕ್ಯಾಮರಾಕ್ಕೆ ಇದ್ದರೂ ಡಿಸ್ಕಿನಲ್ಲಿ ಜಾಗ ಉಳಿಸಲು ಅದನ್ನು 8ಕ್ಕೋ 10ಕ್ಕೋ ಇಳಿಸಿ ಇಟ್ಟಿರುತ್ತಾರೆ. ಸೆಕೆಂಡಿಗೆ 8 ಚಿತ್ರವಾದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಸೆಕೆಂಡಿನ ಎಂಟನೆಯ ಒಂದು ಭಾಗ ಖಾಲಿ. ಕೈ ತಾಗಿ ಹಿಂದೆ ಬರಲು ಅಷ್ಟು ವೇಳೆ ಸಾಕು. ನಮ್ಮ ಉದಾಹರಣೆಯಲ್ಲಿ ಚಿತ್ರಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಿದರೆ ಸಿಗುವದು ಮೂರೇ. ಮೊದಲನೆಯದರಲ್ಲಿ ಕೈ ಸೊಂಟದ ಹತ್ತಿರ. ಎರಡನೆಯದರಲ್ಲಿ ಕೈ ಭುಜದ ಎತ್ತರಕ್ಕೆ, ಅಂಗೈ ತೆರೆದದ್ದೋ ಮುಷ್ಟಿಯೋ ಮಸಕು. ಮೂರನೆಯದರಲ್ಲಿ ಪಹರೇದಾರನ ಭುಜಗಳು ಹಿಂದೆ ವಾಲಿವೆ. ಕೈ ಎದೆಗೆ ತಾಗಿದ ಚಿತ್ರ ಯಾವದೂ ಇಲ್ಲ. ಪಹರೇದಾರನ ಎದೆಯಂತೂ ಕಾಮಗಾರನ ಬೆನ್ನಿನ ಮರೆಯಲ್ಲಿದೆ.

ಇಲ್ಲಿ ಇನ್ನೊಂದು ಮೋಸವಿದೆ. ಅಂಗಡಿ-ಬಾಗಿಲುಗಳಿಗೆ ಹಾಕುವ ಕ್ಯಾಮರಾಗಳ ಕಾಚು ಅಗಲವಾದ ನೋಟದ್ದು. ಅದು ಮೇಲಿನಿಂದ, ದೂರದಿಂದ ನೋಡುತ್ತದೆ, ಮತ್ತು ಚಪ್ಪಟೆಯಾದ ಚಿತ್ರದಲ್ಲಿ ಮುಂದಿನದು-ಹಿಂದಿನದೆಂಬ ಅಂತರ ಸರಿಯಾಗಿ ತಿಳಿಯುವದಿಲ್ಲ. ಒಬ್ಬನ ಹಿಂದೆ ಇನ್ನೊಬ್ಬ ಎರಡು ಮೊಳ ದೂರ ನಿಂತಿದ್ದರೂ ಕೈ ಮೈಗೆ ಹತ್ತಿದಂತೆ ಕಾಣಬಹುದು. ಎರಡು ಆಕೃತಿಗಳು ಚಿತ್ರದಲ್ಲಿ ಕೂಡಿದ ಮಾತ್ರಕ್ಕೆ ಅವು ನೆಲದ ಮೇಲೆ ಕೂಡಿದವೆಂದು ಬರೆಯಲಾಗದು. ಪಕ್ಕದಿಂದ ನೋಡುವ ಇನ್ನೊಂದು ಕ್ಯಾಮರಾ ಇದ್ದರೆ ಮಾತ್ರ ಆ ಸಂದೇಹ ಪರಿಹಾರವಾಗಬೇಕು.

ಹಾಗಾದರೆ ಹೊಡೆಯಲೇ ಇಲ್ಲವೇ? ನಮ್ಮ ಸಂಘದ ಉತ್ಸಾಹಿ ತರುಣರು ಇಲ್ಲಿಯೇ ಜಾರುತ್ತಾರೆ. "ಕ್ಯಾಮರಾದಲ್ಲಿ ಏಟು ಕಾಣಲಿಲ್ಲ, ಆದ್ದರಿಂದ ಹೊಡೆದಿಲ್ಲ" ಎಂದು ಬರೆಯುವದೂ ಅಷ್ಟೇ ತಪ್ಪು. ಕಾಣದಿರುವದು ಬೇರೆ, ನಡೆಯದಿರುವದು ಬೇರೆ. ಕೈ ಭುಜದ ಎತ್ತರಕ್ಕೆ ಎದ್ದದ್ದು ನಿಜ, ಅದರ ಬೆನ್ನಿಗೇ ಪಹರೇದಾರ ಹಿಂದೆ ವಾಲಿದ್ದು ನಿಜ. ಇವೆರಡನ್ನೂ ಮುಚ್ಚದೆ ಬರೆಯಲೇಬೇಕು. ತಾಗಿತೋ ಇಲ್ಲವೋ, ದೂಡಿದ್ದೋ ಹೊಡೆದದ್ದೋ, ಚೀಲ ಕಸಿಯುವಾಗ ಕೈ ಹಾರಿತೋ, ಇದು ಫೂಟೇಜಿನಿಂದ ತಿಳಿಯುವದಿಲ್ಲವೆಂದೂ ಬರೆಯಬೇಕು.

ನಾಲ್ಕನೆಯದು "ನೆಲಕ್ಕೆ ಕೆಡವಿದನು". ಪಹರೇದಾರನು ಎರಡು ಹೆಜ್ಜೆ ಹಿಂದೆ ಸರಿದು ಚಿತ್ರದ ಎಡ ಅಂಚಿನಿಂದ ಹೊರಗೆ ಹೋಗುತ್ತಾನೆ. ನಾಲ್ಕು ಸೆಕೆಂಡು ಬಿಟ್ಟು ತಿರುಗಿ ಬರುತ್ತಾನೆ, ತಲೆಯ ಮೇಲೆ ಟೋಪಿ ಇಲ್ಲ. ಆ ನಾಲ್ಕು ಸೆಕೆಂಡಿನಲ್ಲಿ ಬಿದ್ದನೋ, ಟೋಪಿ ಮಾತ್ರ ಬಿತ್ತೋ ಕ್ಯಾಮರಾಕ್ಕೆ ಗೊತ್ತಿಲ್ಲ. ಬರೆಯಬೇಕಾದದ್ದು ಇಷ್ಟೇ: "ನಾಲ್ಕು ಸೆಕೆಂಡು ಚಿತ್ರದ ಹೊರಗಿದ್ದನು, ಬಂದಾಗ ಟೋಪಿ ಇರಲಿಲ್ಲ."

ಐದನೆಯದು, ತುಣುಕಿನ ಆರಂಭ. 14 ಸೆಕೆಂಡಿನ ತುಣುಕು ಕೈ ಏಳುವ ಕ್ಷಣಕ್ಕೇ ಸರಿಯಾಗಿ ಆರಂಭವಾಗುತ್ತದೆ. ರೆಕಾರ್ಡರಿನಲ್ಲಿ ಹಿಂದಕ್ಕೆ ಹೋಗಿ ನೋಡಿದರೆ ಅದಕ್ಕೂ ನಾಲ್ಕು ಸೆಕೆಂಡು ಮೊದಲು ಪಹರೇದಾರನ ಕೈ ಕಾಮಗಾರನ ಚೀಲದ ಪಟ್ಟಿಯ ಮೇಲಿದೆ, ಚೀಲ ಎರಡು ಸಲ ಆ ಕಡೆ ಈ ಕಡೆ ಜಗ್ಗುತ್ತದೆ. ಸಂಗತಿಯ ಅರ್ಥವೇ ಬದಲಾಯಿತು. ಆದ್ದರಿಂದ ಘಟನೆಗೆ ಮೊದಲು ಹತ್ತು ನಿಮಿಷ, ನಂತರ ಹತ್ತು ನಿಮಿಷದ ಪೂರ್ತಿ ಫೂಟೇಜ್ ನೋಡದೆ ಬರೆದದ್ದನ್ನು ವರದಿಯೆಂದು ಕರೆಯಬಾರದು. ಚಲನೆ ಕಂಡಾಗ ಮಾತ್ರ ದಾಖಲಿಸುವಂತೆ ಇಟ್ಟ ಪೆಟ್ಟಿಗೆಗಳೂ ಇವೆ. ಅಂಥಲ್ಲಿ ಪರದೆಯ ವೇಳೆ ಒಮ್ಮೆಲೆ 11-18ರಿಂದ 11-21ಕ್ಕೆ ಜಿಗಿಯಬಹುದು. ಹಾಗೆ ಜಿಗಿದರೆ ಎಲ್ಲಿಂದ ಎಲ್ಲಿಗೆಂಬುದನ್ನು ವರದಿಯಲ್ಲಿ ಕಾಣಿಸಬೇಕು.

ಇಷ್ಟೆಲ್ಲ ನೋಡಿದ ಮೇಲೆ ನೆಟ್ಟಗೆ ಬರೆದ ವರದಿ ಹೇಗಿರುತ್ತದೆ? ನಾಲ್ಕು ಭಾಗ ಸಾಕು.

"ನೋಡಿದ್ದು: 2ನೇ ಬಾಗಿಲಿನ ಕ್ಯಾಮರಾ, ಪರದೆಯ ವೇಳೆ 11-09ರಿಂದ 11-29ರವರೆಗೆ, ರೆಕಾರ್ಡರಿನಲ್ಲಿಯೇ ನೋಡಲಾಯಿತು. ಧ್ವನಿ ಇಲ್ಲ. ಸೆಕೆಂಡಿಗೆ 8 ಚಿತ್ರ. ರೆಕಾರ್ಡರು 14 ನಿಮಿಷ ಹಿಂದಿದೆ. ಮೊಬೈಲಿನೊಂದಿಗೆ ಮತ್ತು ಹಾಜರಿ ಯಂತ್ರದೊಂದಿಗೆ ತಾಳೆ ನೋಡಲಾಗಿದೆ.

ಕಂಡದ್ದು: ಪರದೆಯ ವೇಳೆ 11-19ಕ್ಕೆ, ತಿದ್ದಿದ ವೇಳೆ 11-33ಕ್ಕೆ, ಚೀಲ ಹಿಡಿದ ವ್ಯಕ್ತಿ ಬಾಗಿಲಿಗೆ ಬರುತ್ತಾನೆ. ಸಮವಸ್ತ್ರದವನು ಚೀಲದ ಪಟ್ಟಿ ಹಿಡಿಯುತ್ತಾನೆ. ಚೀಲ ಎರಡು ಸಲ ಜಗ್ಗುತ್ತದೆ. ಮೊದಲನೆಯ ವ್ಯಕ್ತಿಯ ಬಲಗೈ ಭುಜದ ಎತ್ತರಕ್ಕೆ ಏಳುತ್ತದೆ. ಮುಂದಿನ ಚಿತ್ರದಲ್ಲಿ ಸಮವಸ್ತ್ರದವನು ಹಿಂದೆ ವಾಲುತ್ತಾನೆ, ಎರಡು ಹೆಜ್ಜೆ ಸರಿದು ಎಡಕ್ಕೆ ಚಿತ್ರದಿಂದ ಹೊರಗೆ ಹೋಗುತ್ತಾನೆ, ನಾಲ್ಕು ಸೆಕೆಂಡಿನ ಮೇಲೆ ಟೋಪಿ ಇಲ್ಲದೆ ಬರುತ್ತಾನೆ.

ಕಾಣದ್ದು: ಆಡಿದ ಮಾತು. ಕೈ ಮೈಗೆ ತಾಗಿತೋ ಇಲ್ಲವೋ. ಅಂಗೈಯೋ ಮುಷ್ಟಿಯೋ. ಸಮವಸ್ತ್ರದವನು ಬಿದ್ದನೋ ಇಲ್ಲವೋ. ಯಾರಾದರೂ ಕುಡಿದಿದ್ದರೋ.

ಇತರರು ಹೇಳಿದ್ದು: ಚೀಲ ಹಿಡಿದ ವ್ಯಕ್ತಿಯನ್ನು ಇಂಥ ಕಾಮಗಾರನೆಂದು ಗುರುತಿಸಿದವರು ಇಂಥವರು, ಗುರುತಿಸಿದ ಆಧಾರ ಇದು. ಎದೆಗೆ ಏಟು ಬಿತ್ತೆಂದು ಪಹರೇದಾರನು ಹೇಳುತ್ತಾನೆ. ಚೀಲ ಬಿಡಿಸಿಕೊಳ್ಳುವಾಗ ಕೈ ಹಾರಿತೆಂದು ಕಾಮಗಾರನು ಹೇಳುತ್ತಾನೆ."

ಈ ವರದಿ ಕಾಮಗಾರನ ಪರವೂ ಅಲ್ಲ, ಪಹರೇದಾರನ ಪರವೂ ಅಲ್ಲ. ಓದಿದವನು ತಾನೇ ಫೂಟೇಜಿನ ಮುಂದೆ ಕುಳಿತು ತಾಳೆ ನೋಡಬಹುದು. "ಹೊಡೆದನು" ಎಂಬ ಒಂದು ಶಬ್ದ ಅದರಲ್ಲಿಲ್ಲ, ಏಕೆಂದರೆ ಅದು ತೀರ್ಮಾನದ ಶಬ್ದ. ಹೆಸರನ್ನು ಕಂಡದ್ದರ ಭಾಗದಲ್ಲಿ ಬರೆದಿಲ್ಲ ಎಂಬುದನ್ನೂ ಗಮನಿಸಿರಿ. ಕ್ಯಾಮರಾಕ್ಕೆ ಹೆಸರು ಗೊತ್ತಿರುವದಿಲ್ಲ, ಗುರುತಿಸಿದ ಮನುಷ್ಯನಿಗೆ ಗೊತ್ತಿರುತ್ತದೆ, ಮತ್ತು ಆ ಮನುಷ್ಯನನ್ನು ಪ್ರಶ್ನೆ ಕೇಳಬಹುದು.

ಇದು ಬರೇ ಗಿರಣಿಯ ಬಾಗಿಲಿನ ಮಾತಲ್ಲ. ನಮ್ಮ ರಾಜ್ಯದಲ್ಲಿಯೇ ಇದರ ದೊಡ್ಡ ನಿದರ್ಶನ ನಡೆದುಹೋಗಿದೆ. 2019ರ ಡಿಸೆಂಬರ 19ರಂದು ಮಂಗಳೂರಿನಲ್ಲಿ ಪೌರತ್ವ ಕಾನೂನಿನ ವಿರುದ್ಧದ ಪ್ರತಿಭಟನೆಯ ಕಾಲಕ್ಕೆ ಪೋಲೀಸರು ಗುಂಡು ಹಾರಿಸಿದರು, ಇಬ್ಬರು ಸತ್ತರು. ಗುಂಪು ಶಸ್ತ್ರ ಹಿಡಿದು ಠಾಣೆಯ ಮೇಲೆ ಬಿದ್ದಿತ್ತೆಂದೂ, ಆರೋಪಿಗಳು ಅಲ್ಲಿದ್ದದ್ದು ಸಿ. ಸಿ. ಕ್ಯಾಮರಾದಲ್ಲಿ ಸೆರೆಯಾಗಿದೆಯೆಂದೂ ಸರಕಾರದ ಪಕ್ಷ ಹೇಳಿತು. 2020ರ ಫೆಬ್ರುವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಅವರು ಜಾಮೀನು ಅರ್ಜಿಗಳನ್ನು ನೋಡುವಾಗ ಆ ಮಾತನ್ನು ಚಿತ್ರಗಳ ಮುಂದೆಯೇ ನಿಲ್ಲಿಸಿದರು. ಈ ಅರ್ಜಿದಾರರಲ್ಲಿ ಯಾರೊಬ್ಬರಾದರೂ ಮಾರಕ ಆಯುಧ ಹಿಡಿದು ಅಲ್ಲಿದ್ದದ್ದನ್ನು ತೋರಿಸುವ ಫೂಟೇಜ್ ತಮ್ಮ ಮುಂದೆ ಬಂದಿಲ್ಲವೆಂದು ಅವರು ಕಂಡರು. ಸರಕಾರ ಕೊಟ್ಟ ಛಾಯಾಚಿತ್ರಗಳಲ್ಲಿ ಒಬ್ಬನ ಕೈಯಲ್ಲಿ ಬಾಟಲಿ ಇರುವದನ್ನು ಬಿಟ್ಟರೆ ಆಯುಧ ಕಾಣುವದೇ ಕಷ್ಟ, ಆ ಚಿತ್ರಗಳಲ್ಲಿ ಠಾಣೆಯಾಗಲಿ ಪೋಲೀಸರಾಗಲಿ ಹತ್ತಿರದಲ್ಲಿ ಕಾಣುವದಿಲ್ಲ. ಅರ್ಜಿದಾರರು ಕೊಟ್ಟ ಚಿತ್ರಗಳಲ್ಲಿ ಪೋಲೀಸರೇ ಕಲ್ಲು ಎಸೆಯುತ್ತಿದ್ದದ್ದು ಕಂಡಿತೆಂದೂ ಅವರು ದಾಖಲಿಸಿ ಜಾಮೀನು ಕೊಟ್ಟರು.

ಮುಂದೆ ಸರ್ವೋಚ್ಚ ನ್ಯಾಯಾಲಯವು ಮಾರ್ಚಿನಲ್ಲಿ ಆ ಆಜ್ಞೆಯನ್ನು ತಡೆಹಿಡಿಯಿತು, ಸಪ್ಟೆಂಬರಿನಲ್ಲಿ ಶರತ್ತು ಹಾಕಿ ತಾನೇ ಜಾಮೀನು ಕೊಟ್ಟಿತು. ಉಚ್ಚ ನ್ಯಾಯಾಲಯದ ಮಾತು ಜಾಮೀನಿನ ಹಂತದ ಮಾತು, ಅಂತಿಮ ತೀರ್ಪಲ್ಲ. ನಾವು ಇಲ್ಲಿ ತೆಗೆದುಕೊಳ್ಳಬೇಕಾದದ್ದು ನೋಡುವ ರೀತಿಯನ್ನು. "ಗುಂಪಿನಲ್ಲಿ ಇದ್ದನು" ಎಂಬುದು ಒಂದು ಮಾತು, "ಆಯುಧ ಹಿಡಿದಿದ್ದನು" ಎಂಬುದು ಇನ್ನೊಂದು, "ಠಾಣೆಯ ಹತ್ತಿರ ಹಿಡಿದಿದ್ದನು" ಎಂಬುದು ಮೂರನೆಯದು. ಮೂರಕ್ಕೂ ಬೇರೆ ಬೇರೆ ಚಿತ್ರ ಬೇಕು. ಆರೋಪಿಗಳ ಕಡೆಯ ಚಿತ್ರಗಳಿಗೂ ಇದೇ ನಿಯಮ: ಕಲ್ಲು ಎಸೆದ ಪೋಲೀಸರು ಕಂಡರೆ ಅಷ್ಟನ್ನು ಮಾತ್ರ ಅದು ಹೇಳುತ್ತದೆ, ಮೊದಲ ಕಲ್ಲು ಯಾರದೆಂದು ಹೇಳುವದಿಲ್ಲ.

ಈಗ ವ್ಯಾಪಾರಸ್ಥ ಬಂಧುಗಳಿಗೆ ಎರಡು ಮಾತು. ಸಂತೆಯ ದಿವಸ ಗದ್ದಲದಲ್ಲಿ ಗಿರಾಕಿಯೊಬ್ಬನ ಕೈ ಚೀಲಗಳ ಮರೆಗೆ ಹೋಗಿ ಬಂದದ್ದು ಕಾಣುತ್ತದೆ. ಸಂಜೆ ಲೆಕ್ಕ ಹಾಕಿದಾಗ ಒಂದು ಡಬ್ಬಿ ಕಡಿಮೆ. ಒಡನೆ ಅವನ ಮುಖದ ಚಿತ್ರ "ಕಳ್ಳ" ಎಂಬ ಹೆಸರಿನೊಂದಿಗೆ ಊರ ವಾಟ್ಸಪ್ಪಿಗೆ ಹೋಗುತ್ತದೆ. ಕೈ ಮರೆಗೆ ಹೋದದ್ದು ಕಂಡಿದೆ, ಡಬ್ಬಿ ತೆಗೆದದ್ದು ಕಂಡಿಲ್ಲ. ಆ ದಿನ ಅದೇ ಮೂಲೆಗೆ ಇನ್ನೆಷ್ಟು ಕೈಗಳು ಹೋದವೆಂದು ಎಣಿಸಿಲ್ಲ. ಅವನು ಕಳ್ಳನಲ್ಲವಾದರೆ ಅಂಗಡಿಕಾರನ ಮೇಲೆಯೇ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಮಾನಹಾನಿ ಬಂದು ನಿಲ್ಲಬಹುದು. ರಾತ್ರಿಯ ಫೂಟೇಜಿನಲ್ಲಿ ಬಣ್ಣವನ್ನಂತೂ ಎಂದೂ ಬರೆಯಬಾರದು. ಕತ್ತಲಾದೊಡನೆ ಈ ಕ್ಯಾಮರಾಗಳು ಕಣ್ಣಿಗೆ ಕಾಣದ ಬೆಳಕಿಗೆ ತಿರುಗುತ್ತವೆ. ಆಗ ಚಿತ್ರ ಕಪ್ಪು-ಬಿಳುಪು, ಮತ್ತು ಕೆಲವು ಕರೀ ಬಟ್ಟೆಗಳು ಬೆಳ್ಳಗೆ ಕಾಣುತ್ತವೆ. "ಬಿಳೀ ಅಂಗಿಯವನು" ಎಂದು ಹುಡುಕಹೊರಟರೆ ತಪ್ಪು ಮನುಷ್ಯ ಸಿಗುತ್ತಾನೆ.

ಇನ್ನು ಉಳಿದದ್ದು ಫೂಟೇಜನ್ನು ಉಳಿಸುವ ಪ್ರಶ್ನೆ. ಡಿಸ್ಕು ತುಂಬಿದೊಡನೆ ಪೆಟ್ಟಿಗೆಯು ಹಳೆಯದನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ಬರೆಯುತ್ತದೆ. ಎಷ್ಟು ದಿನ ಉಳಿಯುವದೆಂಬ ಲೆಕ್ಕ ಯಾರಾದರೂ ಹಾಕಬಹುದು. ಒಂದು ಕ್ಯಾಮರಾ ಸೆಕೆಂಡಿಗೆ 2 ಮೆಗಾಬಿಟ್ಟಿನಂತೆ ಎಡೆಬಿಡದೆ ದಾಖಲಿಸಿದರೆ ದಿನಕ್ಕೆ ಸುಮಾರು 21.6 ಜಿ.ಬಿ. ಆಗುತ್ತದೆ. ನಾಲ್ಕು ಕ್ಯಾಮರಾಕ್ಕೆ 86 ಜಿ.ಬಿ.ಗಿಂತ ಹೆಚ್ಚು. 1 ಟಿ.ಬಿ. ಡಿಸ್ಕಿದ್ದರೆ ಹನ್ನೊಂದು ದಿನ ದಾಟಿ ಹನ್ನೆರಡನೆಯ ದಿನಕ್ಕೆ ಮೊದಲನೆಯ ದಿನದ ಚಿತ್ರ ಹೋಗಿಬಿಡುತ್ತದೆ. ಜನ ಹೆಚ್ಚಾಗಿ ಸೇರುವ ಸಂಸ್ಥೆಗಳು ಫೂಟೇಜನ್ನು 30 ದಿನ ಇಡಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾನೂನು ಹೇಳುತ್ತದೆ, ಆದರೆ ಡಿಸ್ಕಿಗೆ ಕಾನೂನು ತಿಳಿಯುವದಿಲ್ಲ. ಆರೋಪಪತ್ರ ಕೈಗೆ ಬಂದು ಉತ್ತರ ಬರೆಯುವ ಹೊತ್ತಿಗೆ ಹದಿನೈದು ದಿನ ಕಳೆದಿರುತ್ತದೆ. ಆದ್ದರಿಂದ ತಕರಾರು ನಡೆದ ಮರುದಿನವೇ, ಇಂಥ ಕ್ಯಾಮರಾ, ಇಂಥ ತಾರೀಖು, ಇಂಥ ವೇಳೆಯಿಂದ ಇಂಥ ವೇಳೆಯವರೆಗಿನ ಫೂಟೇಜನ್ನು ಅಳಿಯದಂತೆ ಕಾದಿರಿಸಬೇಕೆಂದು ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಅದರ ಪ್ರತಿಯ ಮೇಲೆ ಪೋಚು ತೆಗೆದುಕೊಳ್ಳಬೇಕು. ಪರದೆಯ ವೇಳೆ ತಪ್ಪಿರಬಹುದಾದ್ದರಿಂದ ಆ ಕಡೆ ಈ ಕಡೆ ಒಂದು ತಾಸು ಹೆಚ್ಚು ಕೇಳಬೇಕು.

ಪ್ರತಿ ತೆಗೆಯುವದೂ ಒಂದು ಕ್ರಮ. ಪರದೆಯನ್ನು ಮೊಬೈಲಿನಿಂದ ಚಿತ್ರೀಕರಿಸಿದ್ದು ಪ್ರತಿಯಲ್ಲ, ಪ್ರತಿಯ ನೆರಳು. ವಾಟ್ಸಪ್ಪಿನಲ್ಲಿ ವಿಡಿಯೋ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ. ಪೆಟ್ಟಿಗೆಯಿಂದ ನೇರವಾಗಿ ಪೆನ್‌ಡ್ರೈವಿಗೆ ಇಳಿಸಿದ್ದೇ ಪ್ರತಿ. ನ್ಯಾಯಾಲಯಕ್ಕೆ ಹೋಗುವದಾದರೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಅದರ ಸಂಗಡ ಬೇಕು. ಅದರ ಒಂದು ಭಾಗವನ್ನು ಯಂತ್ರ ನೋಡಿಕೊಳ್ಳುವವನೂ ಇನ್ನೊಂದು ಭಾಗವನ್ನು ತಜ್ಞನೂ ಬರೆಯಬೇಕು, ಮತ್ತು ಫೈಲಿನ ಹ್ಯಾಶ್ ಎಂಬ ಉದ್ದನೆಯ ಗುರುತಿನ ಸಂಖ್ಯೆ ಅದರಲ್ಲಿ ಇರಬೇಕು. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಆದರೆ ನೆನಪಿರಲಿ, ಫೈಲು ಬದಲಾಗಿಲ್ಲವೆಂದು ಮಾತ್ರ ಹ್ಯಾಶ್ ಹೇಳುತ್ತದೆ, ಗಡಿಯಾರ ಸರಿಯಿತ್ತೆಂದಾಗಲಿ ವರದಿ ಸರಿಯಿದೆಯೆಂದಾಗಲಿ ಹೇಳುವದಿಲ್ಲ. ಗಿರಣಿಯ ಒಳಗಿನ ವಿಚಾರಣೆಯಲ್ಲಿ ಸಾಕ್ಷ್ಯ ಕಾನೂನು ಅಕ್ಷರಶಃ ನಡೆಯುವದಿಲ್ಲವಾದರೂ, ಯಾವ ಫೂಟೇಜಿನ ಆಧಾರದ ಮೇಲೆ ಆರೋಪ ಹೊರಿಸುತ್ತಾರೋ ಅದನ್ನು ಆರೋಪಿಗೆ ತೋರಿಸಬೇಕೆಂಬುದು ಸಹಜ ನ್ಯಾಯ. ತುಣುಕನ್ನಲ್ಲ, ಪೂರ್ತಿಯನ್ನು.

ಫೂಟೇಜ್ ಇದ್ದೂ ಮುಂದೆ ತಾರದಿದ್ದರೆ? ವಾರಾಣಸಿಯ ಒಂದು ಹೊಟೇಲಿನಲ್ಲಿ 2010ರಲ್ಲಿ ಇಟಲಿಯ ಪ್ರವಾಸಿಯೊಬ್ಬ ಸತ್ತನು. ಸಂಗಡ ಇದ್ದ ಇಬ್ಬರಿಗೆ ಜೀವಾವಧಿ ಶಿಕ್ಷೆಯಾಯಿತು. ಹೊಟೇಲಿನಲ್ಲಿ ಕ್ಯಾಮರಾ ಇತ್ತು, ಆ ಕೋಣೆಗೆ ಯಾರು ಹೋದರು ಯಾರು ಬಂದರು ಎಂಬುದಕ್ಕೆ ಅದೇ ಉತ್ತಮ ಸಾಕ್ಷಿ. ಆ ಫೂಟೇಜನ್ನು ಸರಕಾರದ ಪಕ್ಷ ನ್ಯಾಯಾಲಯದ ಮುಂದೆ ಇಡಲಿಲ್ಲ. ತೊಮಾಸೊ ಬ್ರೂನೊ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ 2015ರ ಜನೇವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೈಯಲ್ಲಿದ್ದ ಉತ್ತಮ ಸಾಕ್ಷಿಯನ್ನು ತಡೆಹಿಡಿದವರ ವಿರುದ್ಧವೇ ಊಹೆ ಮಾಡಬೇಕಾಗುವದೆಂದು ಹೇಳಿ ಇಬ್ಬರನ್ನೂ ಬಿಡುಗಡೆ ಮಾಡಿತು. ಆದ್ದರಿಂದ "ಫೂಟೇಜ್ ಅಳಿಸಿಹೋಯಿತು" ಎಂಬ ಉತ್ತರ ಬಂದರೆ ನಾವು ಸುಮ್ಮನೆ ಕೂಡಬಾರದು. ಯಾವಾಗ ಕೇಳಿದೆವು, ಆಗ ಅದು ಇತ್ತೋ ಇಲ್ಲವೋ, ಯಾರು ನೋಡಿ ವರದಿ ಬರೆದರು, ಈ ಮೂರೂ ಕಾಗದದ ಮೇಲೆ ಬರಬೇಕು. ಫೂಟೇಜ್ ನೋಡಿ ವರದಿ ಬರೆದೆನೆಂದು ಹೇಳಿದವನು, ಅದನ್ನೇ ಕಾದಿಡಲಿಲ್ಲವೇಕೆಂಬುದಕ್ಕೆ ಉತ್ತರ ಕೊಡಬೇಕು.

ಮುಂದಿನ ಸಲ ವಿಚಾರಣೆಯ ಮೇಜಿನ ಮೇಲೆ "ಕ್ಯಾಮರಾದಲ್ಲಿ ಸ್ಪಷ್ಟವಾಗಿ ದಾಖಲಾಗಿದೆ" ಎಂಬ ಕಾಗದ ಬಿದ್ದಾಗ ಸಹಿ ಮಾಡುವ ಮೊದಲು ನಮ್ಮ ಕಾಮಗಾರ ಬಂಧುಗಳು ಕೇಳಬೇಕಾದದ್ದು ಇಷ್ಟೇ: ಯಾವ ಕ್ಯಾಮರಾ, ಗಡಿಯಾರ ಎಷ್ಟು ಹಿಂದೆ-ಮುಂದೆ, ಅದಕ್ಕೂ ಮೊದಲಿನ ಹತ್ತು ನಿಮಿಷ ಎಲ್ಲಿ, ಮತ್ತು ಕಾಣದ್ದರ ಪಟ್ಟಿ ಎಲ್ಲಿ? ಕೊನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಸಹಿಯ ಜಾಗದಲ್ಲಿ "ಪೂರ್ತಿ ಫೂಟೇಜ್ ತೋರಿಸಿಲ್ಲ" ಎಂದು ಬರೆದು, ತಾರೀಖು ಹಾಕಿ, ಪ್ರತಿಯೊಂದನ್ನು ತೆಗೆದುಕೊಂಡು ಹೊರಗೆ ಬರಲಿ.